ಐನೂರು ಕಿಲೋ ತಡೆಯುವ ಹಗ್ಗ ಅರವತ್ತು ಕಿಲೋ ಹುಡುಗನನ್ನು ಏಕೆ ತಡೆಯುವುದಿಲ್ಲ?

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮರುದಿನ ದ್ವಿತೀಯ ಪಿಯುಸಿಯ ನಾಲ್ವರು ಹುಡುಗರು ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಬಂದರು. ಒಬ್ಬನ ಹೆಗಲ ಮೇಲೆ ನೀಲಿ ಹಗ್ಗದ ದೊಡ್ಡ ಸುರುಳಿಯಿತ್ತು. ಅಂಗಡಿಯ ಚೀಟಿ ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

"ಸರ್, ಭಾನುವಾರ ರಾಮನಗರದ ಬೆಟ್ಟಕ್ಕೆ ಹೋಗ್ತಾ ಇದ್ದೀವಿ. ಬಂಡೆ ಮೇಲಿಂದ ಹಗ್ಗ ಹಿಡ್ಕೊಂಡು ಇಳಿಯೋ ಪ್ಲಾನ್. ಗಂಟು ಹೇಗೆ ಹಾಕೋದು ಅಂತ ನೀವು ಒಂದ್ಸಲ ತೋರಿಸಿಕೊಡಬೇಕು."

ನಾನು ಎಂ.ಎಸ್ಸಿ. ಓದುವಾಗ ಬಂಡೆ ಹತ್ತುವ ಒಂದು ಪ್ರಾಥಮಿಕ ಶಿಬಿರಕ್ಕೆ ಹೋಗಿದ್ದೆ ಎಂದು ಯಾವಾಗಲೋ ತರಗತಿಯಲ್ಲಿ ಹೇಳಿದ್ದೆ. ಅದು ಅವರ ನೆನಪಿನಲ್ಲಿತ್ತು. ನಾನು ಹಗ್ಗವನ್ನು ಕೈಗೆತ್ತಿಕೊಂಡು ನೋಡಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಪ್ಲಾಸ್ಟಿಕ್ ಹಗ್ಗ. ನಾವೆಲ್ಲ ಅದನ್ನು ನೈಲಾನ್ ಹಗ್ಗ ಎನ್ನುತ್ತೇವೆ, ಆದರೆ ಬಹುಪಾಲು ಅದು ಪಾಲಿಪ್ರೊಪಿಲೀನ್. ಇದರಲ್ಲಿ ಇಳಿಯಬೇಡಿ ಎಂದೆ.

"ಯಾಕೆ ಸರ್? ಅಂಗಡಿಯವರು 500 ಕೆಜಿ ತಡೆಯುತ್ತೆ ಅಂದ್ರು. ನಮ್ಮಲ್ಲಿ ಎಲ್ಲರಿಗಿಂತ ದಪ್ಪ ಇವನೇ, 60 ಕೆಜಿ. ಎಂಟು ಪಟ್ಟು ಜಾಸ್ತಿ ಇದೆಯಲ್ಲ?"

ಪ್ರಶ್ನೆ ಚೆನ್ನಾಗಿತ್ತು. ನಿಂತಲ್ಲೇ ಎರಡು ಮಾತಿನಲ್ಲಿ ಉತ್ತರಿಸಿದ್ದರೆ ಅವರು ತಲೆಯಾಡಿಸಿ, ಭಾನುವಾರ ಅದೇ ಹಗ್ಗ ತೆಗೆದುಕೊಂಡು ಹೋಗುತ್ತಿದ್ದರು. ಹದಿನೇಳರ ವಯಸ್ಸಿನಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ಆದ್ದರಿಂದ ಬಾಗಿಲು ಹಾಕಿ, ಅವರನ್ನು ಬೆಂಚಿನ ಮೇಲೆ ಕೂರಿಸಿದೆ. ಆ ಒಂದು ಗಂಟೆಯ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಪ್ರಯೋಗ. ಒಂದು ಮೀಟರ್ ಹೊಲಿಗೆ ದಾರವನ್ನು ಸ್ಟ್ಯಾಂಡಿಗೆ ಕಟ್ಟಿ, ಕೆಳತುದಿಗೆ ಅರ್ಧ ಕಿಲೋ ತೂಕವನ್ನು ಮೆಲ್ಲಗೆ ತೂಗುಬಿಟ್ಟೆವು. ದಾರ ತಡೆಯಿತು. ಅದನ್ನು ತೆಗೆದು ಬರೀ 200 ಗ್ರಾಂ ತೂಕ ಕಟ್ಟಿದೆವು. ಈ ಸಲ ತೂಕವನ್ನು ಸ್ಟ್ಯಾಂಡಿನ ಮೇಲ್ತುದಿಯವರೆಗೆ ಎತ್ತಿ ಕೈಬಿಟ್ಟೆವು. ದಾರ ಪಟಕ್ಕನೆ ತುಂಡಾಯಿತು. ಮೂರನೆಯ ಸಲ ದಾರದ ಮೇಲ್ತುದಿಗೆ ಒಂದು ಗೇಣು ಉದ್ದದ ಎಲಾಸ್ಟಿಕ್ ಕಟ್ಟಿ, ಅದೇ 200 ಗ್ರಾಮನ್ನು ಅಷ್ಟೇ ಎತ್ತರದಿಂದ ಬಿಟ್ಟೆವು. ತೂಕ ಎರಡು ಸಲ ಮೇಲೆ ಕೆಳಗೆ ಕುಣಿದು ನಿಂತಿತು. ದಾರಕ್ಕೆ ಏನೂ ಆಗಲಿಲ್ಲ.

ದಾರದ ಬಲ ಮೂರು ಸಲವೂ ಒಂದೇ. ಬದಲಾದದ್ದು ತೂಕ ನಿಲ್ಲಲು ಸಿಕ್ಕ ದೂರ. ಬೀಳುವ ವಸ್ತು mgh ಎಂದು ನಾವು ಬರೆಯುವ ಶಕ್ತಿಯನ್ನು ಹೊತ್ತು ಬರುತ್ತದೆ. ಹಗ್ಗ ಆ ಶಕ್ತಿಯನ್ನೆಲ್ಲ ಹಿಗ್ಗುತ್ತಾ ನುಂಗಬೇಕು. ಹೆಚ್ಚು ದೂರ ಹಿಗ್ಗಿದರೆ ಸ್ವಲ್ಪ ಬಲ ಸಾಕು. ಕಡಿಮೆ ದೂರದಲ್ಲಿ ನಿಲ್ಲಿಸಬೇಕಾದರೆ ಬಲ ಏರುತ್ತಲೇ ಹೋಗುತ್ತದೆ. ಕ್ರಿಕೆಟ್ ಚೆಂಡು ಹಿಡಿಯುವಾಗ ಕೈ ಹಿಂದಕ್ಕೆ ತರುವುದೂ ಇದಕ್ಕೇ.

ಈಗ ಆ ನೀಲಿ ಹಗ್ಗದ ಲೆಕ್ಕ. ಹುಡುಗರ ಯೋಜನೆ ಹೀಗಿತ್ತು: ಬಂಡೆಯ ತುದಿಯ ಒಂದು ಮರಕ್ಕೆ ಹಗ್ಗ ಕಟ್ಟುವುದು, ಇನ್ನೊಂದು ತುದಿಯನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕುವುದು. ಮರದ ಬಳಿಯೇ ಅಂಚಿನಲ್ಲಿ ನಿಂತವನ ಸೊಂಟಕ್ಕೂ ಮರಕ್ಕೂ ನಡುವೆ 3 ಮೀಟರ್ ಹಗ್ಗ ಸಡಿಲವಾಗಿ ಬಿದ್ದಿದೆ ಎಂದುಕೊಳ್ಳಿ. ಅವನ ಕಾಲು ಜಾರುತ್ತದೆ. ಹಗ್ಗ ಬಿಗಿಯಾಗುವ ಹೊತ್ತಿಗೆ 60 ಕಿಲೋ ದೇಹ 3 ಮೀಟರ್ ಬಿದ್ದಿರುತ್ತದೆ. g ಅನ್ನು 10 ಎಂದಿಟ್ಟುಕೊಂಡರೆ 60 × 10 × 3, ಅಂದರೆ 1800 ಜೂಲ್.

ಅಂಗಡಿಯವರು ಹೇಳಿದ 500 ಕಿಲೋ ಎಂದರೆ ಸುಮಾರು 5000 ನ್ಯೂಟನ್, ಅಂದರೆ 5 ಕಿಲೋನ್ಯೂಟನ್. ಅದು ನಿಜವೇ ಎಂದು ಒಪ್ಪಿಕೊಳ್ಳೋಣ. ಆದರೆ ಅದು ಹೊಸ ಹಗ್ಗವನ್ನು ಗಂಟಿಲ್ಲದೆ, ನಿಧಾನವಾಗಿ ಎಳೆದಾಗಿನ ಮಾತು. ಗಂಟು ಹಾಕಿದ ಕೂಡಲೇ ಹಗ್ಗದ ಬಲದಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಕಡಿಮೆಯಾಗುತ್ತದೆ. ಗಂಟಿನ ತಿರುವಿನಲ್ಲಿ ಹೊರಮೈಯ ಎಳೆಗಳೇ ಭಾರವನ್ನೆಲ್ಲ ಹೊರಬೇಕಾಗುತ್ತದೆ, ಒಳಮೈಯ ಎಳೆಗಳು ಸುಮ್ಮನಿರುತ್ತವೆ. ಹೀಗಾಗಿ 3 ಕಿಲೋನ್ಯೂಟನ್ ಉಳಿಯಿತು ಎನ್ನೋಣ. ತುಂಡಾಗುವ ಮೊದಲು ಹಗ್ಗ ತನ್ನ ಉದ್ದದ ನೂರಕ್ಕೆ 10ರಷ್ಟು, ಅಂದರೆ 30 ಸೆಂಟಿಮೀಟರ್ ಹಿಗ್ಗುತ್ತದೆ ಎನ್ನೋಣ. ಸ್ಪ್ರಿಂಗಿನ ಲೆಕ್ಕದಂತೆ ಅದು ನುಂಗಬಲ್ಲ ಶಕ್ತಿ ಬಲ ಮತ್ತು ಹಿಗ್ಗುವಿಕೆಯ ಗುಣಲಬ್ಧದ ಅರ್ಧ: 3000 × 0.3 ÷ 2, ಅಂದರೆ 450 ಜೂಲ್. ನುಂಗಬೇಕಾದದ್ದು, ಹಗ್ಗ ಹಿಗ್ಗುವಾಗ ಅವನು ಇನ್ನೂ ಕೆಳಗೆ ಹೋಗುವುದನ್ನು ಸೇರಿಸಿದರೆ, 1980 ಜೂಲ್. ಕಾಲು ಭಾಗವೂ ಆಗಲಿಲ್ಲ. ಹಗ್ಗ ಅದರ ಎರಡು ಪಟ್ಟು ಹಿಗ್ಗಿದರೂ ಅರ್ಧದಷ್ಟೂ ಆಗುವುದಿಲ್ಲ.

"ಹಾಗಾದರೆ ಇನ್ನೂ ದಪ್ಪದ್ದು ತರ್ತೀವಿ ಸರ್, ಲಾರಿಗೆ ಕಟ್ಟೋದು" ಎಂದ ಒಬ್ಬ. ಇಲ್ಲಿಯೇ ಹೆಚ್ಚಿನವರು ಎಡವುವುದು. ಎಂದೂ ತುಂಡಾಗದ, 5 ಸೆಂಟಿಮೀಟರ್ ಮಾತ್ರ ಹಿಗ್ಗುವ ಒಂದು ಸರಪಳಿ ಇದೆ ಎಂದು ಊಹಿಸಿ. ಅದೇ 3 ಮೀಟರ್ ಬಿದ್ದ ಹುಡುಗ 5 ಸೆಂಟಿಮೀಟರಿನಲ್ಲಿ ನಿಲ್ಲಬೇಕಾದರೆ ಗರಿಷ್ಠ ಬಲ 70 ಕಿಲೋನ್ಯೂಟನ್ ದಾಟುತ್ತದೆ. ಸರಪಳಿ ಉಳಿಯುತ್ತದೆ, ಹುಡುಗ ಉಳಿಯುವುದಿಲ್ಲ. ಸರಿಯಾದ ಹಾರ್ನೆಸ್ ತೊಟ್ಟ ದೇಹವೂ ಕ್ಷಣಮಾತ್ರ ತಡೆಯಬಲ್ಲ ಬಲ ಸುಮಾರು 12 ಕಿಲೋನ್ಯೂಟನ್ ಎಂದು ಹಗ್ಗದ ಮಾನಕ ಬರೆದವರು ಇಟ್ಟುಕೊಂಡಿದ್ದಾರೆ. ಬರೀ ಸೊಂಟಕ್ಕೆ ಸುತ್ತಿದ ಗಂಟಾದರೆ ಅದಕ್ಕಿಂತ ಎಷ್ಟೋ ಕಡಿಮೆ ಬಲಕ್ಕೇ ಪಕ್ಕೆಲುಬು, ಬೆನ್ನುಹುರಿಗೆ ಪೆಟ್ಟಾಗುತ್ತದೆ.

ಈಗ ಹತ್ತುವವರಿಗೆಂದೇ ಮಾಡಿದ ಡೈನಾಮಿಕ್ ಹಗ್ಗವನ್ನು ಅದೇ ಜಾಗದಲ್ಲಿ ಇಡಿ. ಇಂಥ ಬೀಳುವಿಕೆಯಲ್ಲಿ ಅದು ನೂರಕ್ಕೆ 25ರಷ್ಟು, ಅಂದರೆ 75 ಸೆಂಟಿಮೀಟರ್ ಹಿಗ್ಗಿತು ಎನ್ನೋಣ. ಒಟ್ಟು ಶಕ್ತಿ 2250 ಜೂಲ್, ಗರಿಷ್ಠ ಬಲ 6 ಕಿಲೋನ್ಯೂಟನ್. ಹಾರ್ನೆಸ್ ತೊಟ್ಟವನಿಗೆ ಜೋರಾಗಿ ಎಳೆದಂತಾಗುತ್ತದೆ, ಅಷ್ಟೇ. ನಿಜವಾದ ಹಗ್ಗ ಆದರ್ಶ ಸ್ಪ್ರಿಂಗ್ ಅಲ್ಲ, ಸ್ವಲ್ಪ ಶಕ್ತಿ ಶಾಖವಾಗಿಯೂ ಹೋಗುತ್ತದೆ. ಆದ್ದರಿಂದ ಈ ಅಂಕಿಗಳು ಅಂದಾಜು, ಆದರೆ ಅವು ತೋರಿಸುವ ದಿಕ್ಕು ಸರಿಯಾಗಿದೆ.

ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ಹೊರಬರುತ್ತದೆ. ಬಿದ್ದ ಎತ್ತರವನ್ನು, ಆ ಬೀಳುವಿಕೆಯನ್ನು ತಡೆಯುವ ಹಗ್ಗದ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಫಾಲ್ ಫ್ಯಾಕ್ಟರ್ ಎನ್ನುತ್ತಾರೆ. ಮೇಲಿನ ಉದಾಹರಣೆಯಲ್ಲಿ 3 ಭಾಗಿಸು 3, ಅಂದರೆ 1. ಒಂದೇ ಹಗ್ಗದಲ್ಲಿ 30 ಮೀಟರ್ ಉದ್ದಕ್ಕೆ 3 ಮೀಟರ್ ಬಿದ್ದರೆ ಅದು 0.1 ಮಾತ್ರ, ಹಿಗ್ಗಲು ಹತ್ತು ಪಟ್ಟು ಹಗ್ಗವಿದೆ. ಗಿಡ್ಡ ಹಗ್ಗದಲ್ಲಿ ಸ್ವಲ್ಪ ಬಿದ್ದರೆ ಅಪಾಯವಿಲ್ಲ ಎಂಬ ನಮ್ಮ ಊಹೆ ಆದ್ದರಿಂದ ತಪ್ಪು. ಬಂಡೆ ಹತ್ತುವಾಗ ಇದು ಹೆಚ್ಚೆಂದರೆ 2ರವರೆಗೆ ಹೋಗಬಹುದು.

ಮನೆಯ ಹಗ್ಗಕ್ಕೆ ಜೀವ ಒಪ್ಪಿಸಿ ಸತ್ತವರ ಕತೆಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಆಲ್ಪ್ಸ್ ಪರ್ವತಗಳದ್ದು. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿ ಮ್ಯಾಟರ್‌ಹಾರ್ನ್ ಎಂಬ ಶಿಖರವಿದೆ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಎಂಬ ಇಂಗ್ಲಿಷ್ ಚಿತ್ರಕಾರನ ಜೊತೆಗೆ ಒಟ್ಟು ಏಳು ಜನ ಮೊದಲ ಬಾರಿಗೆ ಅದರ ತುದಿ ಮುಟ್ಟಿದರು. ಇಳಿಯುವಾಗ ಏಳೂ ಜನ ಒಬ್ಬರ ಹಿಂದೆ ಒಬ್ಬರು ಹಗ್ಗದಿಂದ ಬಿಗಿದುಕೊಂಡಿದ್ದರು. ತಂಡದ ಎಳೆಯ, ಅನುಭವವಿಲ್ಲದ ಹ್ಯಾಡೋ ಕಾಲು ಜಾರಿ ಮುಂದಿದ್ದ ಮಾರ್ಗದರ್ಶಿ ಕ್ರೋಜ್ ಮೇಲೆ ಬಿದ್ದ. ಅವರಿಬ್ಬರ ಭಾರಕ್ಕೆ ಹಿಂದಿದ್ದ ಹಡ್ಸನ್, ಅವನ ಹಿಂದಿದ್ದ ಲಾರ್ಡ್ ಫ್ರಾನ್ಸಿಸ್ ಡಗ್ಲಾಸ್ ಕೂಡ ಎಳೆಯಲ್ಪಟ್ಟರು. ಡಗ್ಲಾಸ್ ಹಿಂದೆ ಹಿರಿಯ ಮಾರ್ಗದರ್ಶಿ ಪೀಟರ್ ಟೌಗ್‌ವಾಲ್ಡರ್, ವಿಂಪರ್, ಮತ್ತು ಟೌಗ್‌ವಾಲ್ಡರನ ಮಗ ಬಂಡೆಯನ್ನು ಅಪ್ಪಿ ನಿಂತರು. ಡಗ್ಲಾಸ್ ಮತ್ತು ಟೌಗ್‌ವಾಲ್ಡರ್ ನಡುವಿನ ಹಗ್ಗ ತುಂಡಾಯಿತು. ನಾಲ್ವರು ಸುಮಾರು 1200 ಮೀಟರ್ ಕೆಳಗಿನ ಹಿಮನದಿಗೆ ಬಿದ್ದು ಸತ್ತರು.

ವಿಂಪರ್ ಆಮೇಲೆ ಹಗ್ಗವನ್ನು ಪರೀಕ್ಷಿಸಿದಾಗ ಬೆಚ್ಚಿಬಿದ್ದ. ತಂಡ ಮೂರು ಬಗೆಯ ಹಗ್ಗ ತಂದಿತ್ತು. ಎರಡು ಒಳ್ಳೆಯವು. ಮೂರನೆಯದು ಹಳೆಯದು, ತೆಳುವಾದದ್ದು, ಅಲ್ಲಲ್ಲಿ ಬಂಡೆಗೆ ಕಟ್ಟಿ ಬಿಟ್ಟುಬರಲು ತಂದದ್ದು. ಅದು ಆ ಕಾಲದ ಇಂಗ್ಲಿಷ್ ಮನೆಗಳಲ್ಲಿ ಮೇಲೆ ಕೆಳಗೆ ಸರಿಯುವ ಕಿಟಕಿಗಳನ್ನು ತೂಗಲು ಬಳಸುತ್ತಿದ್ದ ಹಗ್ಗ. ಒಳ್ಳೆಯ ಹಗ್ಗ ಇನ್ನೂ ಬೇಕಾದಷ್ಟು ಉಳಿದಿದ್ದರೂ ಆ ಇಬ್ಬರ ನಡುವೆ ಕಟ್ಟಿದ್ದು ಇದೇ. ಜೀವ ಉಳಿಸಿಕೊಳ್ಳಲು ಟೌಗ್‌ವಾಲ್ಡರನೇ ಹಗ್ಗ ಕತ್ತರಿಸಿರಬೇಕು ಎಂದು ಜನ ಆಡಿಕೊಂಡರು. ವಿಚಾರಣೆ ಅವನನ್ನು ನಿರ್ದೋಷಿ ಎಂದಿತು, ಆದರೂ ಆ ಮಾತು ಅವನನ್ನು ಬಿಡಲಿಲ್ಲ. ತುಂಡಾದ ಆ ಹಗ್ಗ ಈಗಲೂ ಜೆರ್ಮಟ್ ಊರಿನ ವಸ್ತುಸಂಗ್ರಹಾಲಯದ ಗಾಜಿನೊಳಗಿದೆ. ಚಿತ್ರದಲ್ಲಿ ನೋಡಿದರೆ ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗದಂತೆಯೇ ಕಾಣುತ್ತದೆ.

ಆ ಕಾಲದ ಒಳ್ಳೆಯ ಹಗ್ಗವೂ ನಾರಿನದೇ, ಅದೂ ಹೆಚ್ಚು ಹಿಗ್ಗುತ್ತಿರಲಿಲ್ಲ. ನೈಲಾನ್ ಬಂದ ಮೇಲೆ ಕತೆ ಬದಲಾಯಿತು. 1953ರಲ್ಲಿ ಜರ್ಮನಿಯ ಎಡೆಲ್ರಿಡ್ ಕಂಪನಿ ಒಳಗೆ ತಿರುಚಿದ ನೈಲಾನ್ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ ಇರುವ ಹಗ್ಗ ಮಾಡಿತು. ಭಾರ ಹೊರುವುದು ಮತ್ತು ಹಿಗ್ಗುವುದು ಮುಖ್ಯವಾಗಿ ತಿರುಳಿನ ಕೆಲಸ, ಉಜ್ಜುವಿಕೆಯಿಂದ ಅದನ್ನು ಕಾಯುವುದು ಕವಚದ ಕೆಲಸ. ಇಂದಿನ ಎಲ್ಲ ಡೈನಾಮಿಕ್ ಹಗ್ಗಗಳೂ ಇದೇ ಬಗೆಯವು.

ಇಂಥ ಹಗ್ಗದ ಚೀಟಿಯನ್ನು ಓದುವುದು ಹೇಗೆ? ನನ್ನ ಹಳೆಯ ಹಗ್ಗದ ಚೀಟಿ ಇನ್ನೂ ನನ್ನ ಬಳಿ ಇದೆ. ಅದನ್ನು ಹುಡುಗರ ಕೈಗೆ ಕೊಟ್ಟು, ಎಷ್ಟು ಕಿಲೋ ತಡೆಯುತ್ತದೆ ಎಂದು ಹುಡುಕಿ ಎಂದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. "ಬರೆದೇ ಇಲ್ಲ ಸರ್!" ಹೌದು, ಡೈನಾಮಿಕ್ ಹಗ್ಗದ ಚೀಟಿಯಲ್ಲಿ ಆ ಅಂಕಿ ಇರುವುದಿಲ್ಲ. ಅಂಗಡಿಯವರು ಹೆಮ್ಮೆಯಿಂದ ಹೇಳಿದ ಒಂದೇ ಒಂದು ಸಂಖ್ಯೆ ಇಲ್ಲಿ ಯಾರಿಗೂ ಬೇಡ.

ಮೊದಲು ನೋಡಬೇಕಾದದ್ದು ಮಾನಕದ ಹೆಸರು. ಇ ಮತ್ತು ಎನ್ ಎಂಬ ಇಂಗ್ಲಿಷ್ ಅಕ್ಷರಗಳ ಮುಂದೆ 892 ಎಂದಿದ್ದರೆ ಅದು ಯುರೋಪಿನ ಡೈನಾಮಿಕ್ ಹಗ್ಗದ ಮಾನಕ. ಅದರ ಜೊತೆಗೆ ಯುಐಎಎ ಎಂಬ ಗುರುತು ಇರಬಹುದು, ಅದು ಪರ್ವತಾರೋಹಣ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ್ದು. ಆಮೇಲೆ ಹಗ್ಗದ ತುದಿಯ ಪಟ್ಟಿಯಲ್ಲಿ ವೃತ್ತದೊಳಗಿನ ಚಿಹ್ನೆ. ವೃತ್ತದಲ್ಲಿ 1 ಇದ್ದರೆ ಅದೊಂದೇ ಹಗ್ಗ ಸಾಕು. ½ ಇದ್ದರೆ ಜೋಡಿಯಲ್ಲಿ ಒಂದು, ಎರಡನ್ನು ತಂದು ಒಂದೊಂದನ್ನು ಬೇರೆ ಬೇರೆ ಆಧಾರಕ್ಕೆ ಸಿಕ್ಕಿಸುತ್ತಾರೆ. ಒಂದರೊಳಗೊಂದು ಸೇರಿದ ಎರಡು ಉಂಗುರಗಳಿದ್ದರೆ ಎರಡು ಹಗ್ಗವನ್ನೂ ಯಾವಾಗಲೂ ಒಟ್ಟಿಗೇ ಸಿಕ್ಕಿಸಬೇಕು. ಕೊನೆಯ ಎರಡು ಬಗೆಯ ಹಗ್ಗವನ್ನು ಒಂಟಿಯಾಗಿ ಬಳಸುವುದೂ ಮನೆಯ ಹಗ್ಗ ಬಳಸುವುದರ ಪಕ್ಕದ ತಪ್ಪೇ.

ಇನ್ನು ಇಂಪ್ಯಾಕ್ಟ್ ಫೋರ್ಸ್. ಪ್ರಯೋಗಾಲಯದಲ್ಲಿ 80 ಕಿಲೋ ತೂಕವನ್ನು ಸುಮಾರು 1.7 ಫಾಲ್ ಫ್ಯಾಕ್ಟರಿನಲ್ಲಿ, ಒಂದು ಲೋಹದ ಅಂಚಿನ ಮೇಲೆ ಹಾಯುವ ಹಗ್ಗಕ್ಕೆ ಕಟ್ಟಿ ಬೀಳಿಸುತ್ತಾರೆ. ಮೊದಲ ಬೀಳುವಿಕೆಯಲ್ಲಿ ಹಗ್ಗ ತೂಕಕ್ಕೆ ಕೊಟ್ಟ ಗರಿಷ್ಠ ಎಳೆತವೇ ಈ ಸಂಖ್ಯೆ. ಒಂಟಿ ಹಗ್ಗಕ್ಕೆ ಅದು 12 ಕಿಲೋನ್ಯೂಟನ್ ಮೀರಬಾರದು. ನನ್ನ ಚೀಟಿಯಲ್ಲಿ 9 ಇತ್ತು. ಇಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. ಹೆಚ್ಚು ಅಂಕ ಬಂದರೆ ಒಳ್ಳೆಯದು ಎಂದು ಅಭ್ಯಾಸವಾಗಿರುವ ನಮಗೆ ಇದು ಸ್ವಲ್ಪ ವಿಚಿತ್ರ. ಒಂದು ಎಚ್ಚರಿಕೆ: ½ ಗುರುತಿನ ಹಗ್ಗವನ್ನು ಬರೀ 55 ಕಿಲೋ ತೂಕದಿಂದ ಪರೀಕ್ಷಿಸುತ್ತಾರೆ, ಅದರ ಮಿತಿಯೂ 8 ಕಿಲೋನ್ಯೂಟನ್. ಆದ್ದರಿಂದ ಅದರ 6ನ್ನು ಒಂಟಿ ಹಗ್ಗದ 9ಕ್ಕೆ ಹೋಲಿಸಿ ಇದೇ ಮೆತ್ತಗಿದೆ ಎನ್ನುವಂತಿಲ್ಲ.

ಪಕ್ಕದಲ್ಲೇ ಬೀಳುವಿಕೆಗಳ ಸಂಖ್ಯೆ ಇರುತ್ತದೆ. ಒಂಟಿ ಹಗ್ಗ ಇಂಥ ಕನಿಷ್ಠ 5 ಬೀಳುವಿಕೆಗಳನ್ನು, ಐದೈದು ನಿಮಿಷಗಳ ಅಂತರದಲ್ಲಿ, ತುಂಡಾಗದೆ ತಡೆಯಬೇಕು. ಐದು ಸಲ ಬಳಸಿ ಎಸೆಯಬೇಕೆಂದು ಇದರ ಅರ್ಥವಲ್ಲ. ಹೊರಗೆ ಅಷ್ಟು ಕಠಿಣವಾಗಿ ಬೀಳುವುದು ಅಪರೂಪ. ಹಿಗ್ಗುವಿಕೆಗೆ ಎರಡು ಸಂಖ್ಯೆಗಳಿರುತ್ತವೆ: 80 ಕಿಲೋ ಸುಮ್ಮನೆ ತೂಗಿದಾಗ ಒಂಟಿ ಹಗ್ಗ ನೂರಕ್ಕೆ 10 ದಾಟಬಾರದು, ಪರೀಕ್ಷೆಯ ಮೊದಲ ಬೀಳುವಿಕೆಯಲ್ಲಿ 40 ದಾಟಬಾರದು. ಹೆಚ್ಚು ಹಿಗ್ಗಿದಷ್ಟೂ ಒಳ್ಳೆಯದು ಎಂದಾದರೆ ಮಿತಿ ಏಕೆ? ಹಿಗ್ಗುವ ಹೊತ್ತಿಗೆ ಕೆಳಗಿನ ಬಂಡೆಗೋ ನೆಲಕ್ಕೋ ತಾಗಿದರೆ ಹಗ್ಗ ಎಷ್ಟು ಮೆತ್ತಗಿದ್ದರೇನು?

ಇಲ್ಲಿ ಒಬ್ಬ ಹುಡುಗ ನನ್ನನ್ನು ಹಿಡಿದುಹಾಕಿದ. "ಸರ್, ನಾವು ಹತ್ತೋದಿಲ್ಲ, ಬರೀ ಇಳಿಯೋದು. ಬಾವಿಗೆ ಬಿದ್ದವರನ್ನ ಎತ್ತುವಾಗಲೂ ಇದೇ ಹಗ್ಗ ಬೇಕಾ?" ಬೇಡ. ಮೇಲಕ್ಕೆತ್ತುವಾಗ ಡೈನಾಮಿಕ್ ಹಗ್ಗ ರಬ್ಬರಿನಂತೆ ಕುಣಿಯುತ್ತದೆ, ಅಂಚಿನಲ್ಲಿ ಉಜ್ಜುತ್ತದೆ. ಅದಕ್ಕಾಗಿ ಕಡಿಮೆ ಹಿಗ್ಗುವ ಬೇರೆ ಹಗ್ಗವಿದೆ, ಅದರ ಮಾನಕದ ಸಂಖ್ಯೆ 1891. ರಕ್ಷಣಾ ಕೆಲಸಕ್ಕೆ ಅದರಲ್ಲಿ ಎ ಬಗೆಯದನ್ನು ಬಳಸುತ್ತಾರೆ. ಅದು ಗಂಟಿಲ್ಲದೆ ಕನಿಷ್ಠ 22 ಕಿಲೋನ್ಯೂಟನ್, ಎಂಟರ ಆಕಾರದ ಗಂಟು ಹಾಕಿದ ಮೇಲೂ 15 ಕಿಲೋನ್ಯೂಟನ್ ತಡೆಯಬೇಕು. ನಮ್ಮ ನೀಲಿ ಹಗ್ಗದ 3ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಆದರೆ ಇದು ಯಾವಾಗಲೂ ಬಿಗಿಯಾಗಿರಬೇಕು. ಸಡಿಲ ಬಿಟ್ಟು ಬೀಳುವ ಕೆಲಸಕ್ಕೆ ಇದೂ ಅಲ್ಲ. ಹತ್ತುವವನಿಗೆ 892, ಇಳಿಯುವುದಕ್ಕೂ ಎತ್ತುವುದಕ್ಕೂ 1891. ಎರಡೂ ಇಲ್ಲದಿದ್ದರೆ ಯಾರನ್ನೂ ತೂಗುಬಿಡುವಂತಿಲ್ಲ. 1891ರ ಹಗ್ಗವನ್ನು ಕತ್ತರಿಸಿದರೆ ಒಳಗೆ ಒಂದು ತೆಳು ಪಟ್ಟಿ ಓಡುತ್ತಿರುತ್ತದೆ. ತಯಾರಕರ ಹೆಸರು, ಮಾನಕದ ಸಂಖ್ಯೆ, ವರ್ಷ ಅದರ ಮೇಲೆ ಮತ್ತೆ ಮತ್ತೆ ಬರೆದಿರುತ್ತದೆ. ಹೊರಗಿನ ಚೀಟಿ ಕಳೆದುಹೋದರೂ ಹಗ್ಗ ತನ್ನ ಗುರುತನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿರುತ್ತದೆ.

ಹಳ್ಳಿಯಲ್ಲಿ ಬಾವಿಗೆ ಯಾರಾದರೂ ಬಿದ್ದಾಗ ಇದೆಲ್ಲ ಎಲ್ಲಿಂದ ತರುವುದು ಎಂದು ಕೇಳುತ್ತೀರಿ. ನೀರಿನಲ್ಲಿ ತೇಲುತ್ತಾ ಎಚ್ಚರವಿರುವವರಿಗೆ ಹಿಡಿದುಕೊಳ್ಳಲು ಮನೆಯ ಹಗ್ಗ ಎಸೆಯಿರಿ. ಅಲ್ಲಿ ದೇಹದ ಭಾರವನ್ನು ಬಹುಪಾಲು ನೀರೇ ಹೊರುತ್ತದೆ, ಪಾಲಿಪ್ರೊಪಿಲೀನ್ ನೀರಿನಲ್ಲಿ ತೇಲುವುದೂ ಅನುಕೂಲವೇ. ಕೂಡಲೇ 101 ಅಥವಾ 112ಕ್ಕೆ ಫೋನ್ ಮಾಡಿ. ಆ ಹಗ್ಗ ಕಟ್ಟಿಕೊಂಡು ಇನ್ನೊಬ್ಬರು ಮಾತ್ರ ಇಳಿಯಬೇಡಿ. ಹಗ್ಗದ ಮಾತು ಹಾಗಿರಲಿ, ಹಳೆಯ ಬಾವಿಯ ತಳದಲ್ಲಿ ಆಮ್ಲಜನಕವೇ ಇಲ್ಲದಿರಬಹುದು.

ಮಾನಕದ ಹಗ್ಗವೂ ಚಿರಂಜೀವಿಯಲ್ಲ. ನೈಲಾನಿಗೆ ಆಮ್ಲ ಕಂಡರೆ ಆಗದು. ವಾಹನದ ಬ್ಯಾಟರಿ ಪಕ್ಕದಲ್ಲಿ ಇಟ್ಟ ಹಗ್ಗ ಹೊರಗೆ ಚೆನ್ನಾಗಿಯೇ ಕಂಡು ಒಳಗೆ ಸತ್ತಿರಬಹುದು. ಆದ್ದರಿಂದ ಯಾರದೋ ಹಳೆಯ ಹಗ್ಗವನ್ನು, ಅದರ ಹಿಂದಿನ ಕತೆ ತಿಳಿಯದೆ, ಬಳಸಬಾರದು. ಪ್ರತಿ ಸಲ ಇಡೀ ಹಗ್ಗವನ್ನು ಬೆರಳುಗಳ ನಡುವೆ ಎಳೆದು ನೋಡಬೇಕು. ಎಲ್ಲಾದರೂ ಮೆತ್ತಗೆ ಚಪ್ಪಟೆಯಾಗಿದ್ದರೆ, ಗಟ್ಟಿ ಗಂಟಿನಂತೆ ತಾಗಿದರೆ, ಕವಚ ಹರಿದು ಬಿಳಿ ತಿರುಳು ಕಂಡರೆ ಅದರ ಆಯುಸ್ಸು ಮುಗಿದಂತೆ.

ಹುಡುಗರು ಆ ಭಾನುವಾರ ಹೋಗಲಿಲ್ಲ. ಮುಖ ಸಣ್ಣದಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆರು ವಾರಗಳ ನಂತರ ತರಬೇತಿ ಪಡೆದ ಬೋಧಕರೊಬ್ಬರ ಜೊತೆ, ಮನೆಯವರ ಒಪ್ಪಿಗೆ ಪತ್ರ ತಂದು, ರಾಮನಗರಕ್ಕೆ ಹೋಗಿಬಂದರು. ಬೋಧಕರು ಹಗ್ಗ ಬಿಚ್ಚುವ ಮೊದಲೇ ಇವರು ತುದಿಯ ಪಟ್ಟಿ ತೋರಿಸಿ ಎಂದು ಕೇಳಿದರಂತೆ. ನೀಲಿ ಹಗ್ಗ ಈಗ ನಮ್ಮ ಹಾಸ್ಟೆಲ್ ಹಿಂಭಾಗದಲ್ಲಿದೆ. ಮಳೆ ಬಿಟ್ಟ ದಿನ ಅದರ ತುಂಬ ಬಿಳಿ ಅಂಗಿಗಳು.